ಕೆಂಪು ಮಣ್ಣಿನ ರಂಜಕದ ಹಿಡಿತ: ಆರು ಕೊಳವೆ, ಒಂದು ಗೆರೆ, ಒಂದು ಎಚ್ಚರಿಕೆ

ಕರಾವಳಿಯ ಮುರಕಲ್ಲು ಗುಡ್ಡದಿಂದ ಒಂದು ಗ್ರಾಂ ಕೆಂಪು ಮಣ್ಣು ತನ್ನಿ. ಲೀಟರಿಗೆ 5 ಮಿಲಿಗ್ರಾಂ ರಂಜಕ ಕರಗಿರುವ 25 ಮಿಲಿಲೀಟರ್ ನೀರಿಗೆ ಅದನ್ನು ಹಾಕಿ, ಒಂದು ಹಗಲು ಒಂದು ರಾತ್ರಿ ಅಲ್ಲಾಡಿಸಿ, ಸೋಸಿ, ಉಳಿದ ನೀರಿನಲ್ಲಿ ರಂಜಕ ಎಷ್ಟಿದೆ ಎಂದು ಅಳೆಯಿರಿ. ಹಾಕಿದ್ದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಉಳಿದಿದ್ದರೆ ಆಶ್ಚರ್ಯಪಡಬೇಕಿಲ್ಲ. ಮಿಕ್ಕದ್ದೆಲ್ಲ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ.

ಅಂಟಿಸಿಕೊಳ್ಳುವುದು ಕೆಂಪು ಬಣ್ಣ ಕೊಟ್ಟ ಕಬ್ಬಿಣದ ಆಕ್ಸೈಡು, ಅದರ ಜೊತೆಗಿರುವ ಅಲ್ಯೂಮಿನಿಯಂ ಆಕ್ಸೈಡು. ಇವುಗಳ ಮೈಮೇಲೆ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಫಾಸ್ಫೇಟ್ ಬಂದು ಆ ಗುಂಪನ್ನು ಕಿತ್ತು, ಅದರ ಜಾಗದಲ್ಲಿ ತಾನೇ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ನೈಟ್ರೇಟ್ ಮಳೆನೀರಿನ ಜೊತೆ ಇಳಿದುಹೋಗುವ ಹಾಗೆ ಫಾಸ್ಫೇಟ್ ಇಳಿದುಹೋಗುವುದಿಲ್ಲ, ಆದರೆ ಬೇರಿಗೂ ಸುಲಭವಾಗಿ ಸಿಗುವುದಿಲ್ಲ. ರಂಜಕದ ಗೊಬ್ಬರ ಹಾಕಿದರೆ ಮಣ್ಣು ಮೊದಲು ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಬೆಳೆಗೆ ಬಿಡುತ್ತದೆ. ಮಾಮೂಲಿ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಈ ಪಾಲು ಎಷ್ಟೆಂದು ಬರೆದಿರುವುದಿಲ್ಲ. ಮಣ್ಣಿನಿಂದ ಈಗ ಎಷ್ಟು ರಂಜಕ ಬಿಡಿಸಬಹುದು ಎಂಬುದನ್ನು ಅದು ಹೇಳುತ್ತದೆ, ನಾಳೆ ನಾವು ಹಾಕಿದ್ದರಲ್ಲಿ ಎಷ್ಟನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನಲ್ಲ. ಅದಕ್ಕೆ ಬೇರೆಯೇ ಪ್ರಯೋಗ ಬೇಕು. ಅದರ ಅಂಕಿಗಳಿಗೆ ಹೊಂದಿಸುವ ಗೆರೆಗೆ ಲ್ಯಾಂಗ್‌ಮ್ಯೂರ್ ಐಸೋಥರ್ಮ್ ಎಂದು ಹೆಸರು. ಉಷ್ಣತೆಯನ್ನು ಒಂದೇ ಮಟ್ಟದಲ್ಲಿಟ್ಟು ಎಳೆಯುವ ಗೆರೆ ಅದು.

ಇರ್ವಿಂಗ್ ಲ್ಯಾಂಗ್‌ಮ್ಯೂರ್ ಮಣ್ಣಿನ ವಿಜ್ಞಾನಿಯಲ್ಲ. ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದವರು, ವಿದ್ಯುತ್ ಬಲ್ಬಿನ ಕೆಲಸ ಮಾಡಿದವರು. ಗಾಜು, ಅಭ್ರಕ, ಪ್ಲಾಟಿನಂ ಮೇಲೆ ಅನಿಲಗಳು ಹೇಗೆ ಅಂಟುತ್ತವೆ ಎಂಬ ಅವರ ಪ್ರಬಂಧ 1918ರಲ್ಲಿ ಬಂತು. 1932ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿತು. ಆ ಸೂತ್ರವನ್ನು ಮಣ್ಣು ಮತ್ತು ರಂಜಕಕ್ಕೆ ಹೊಂದಿಸಿ 1957ರಲ್ಲಿ ಪ್ರಕಟಿಸಿದವರು ಓಲ್ಸನ್ ಮತ್ತು ವಟನಾಬೆ. ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ‘ಓಲ್ಸನ್ ವಿಧಾನ’ ಎಂದು ಕೇಳಿಬರುವುದು ಇದೇ ಓಲ್ಸನ್ ಹೆಸರು.

ಲ್ಯಾಂಗ್‌ಮ್ಯೂರ್ ಕಲ್ಪನೆಯನ್ನು ಬಸ್ಸಿನ ಸೀಟುಗಳಂತೆ ಎಣಿಸಿಕೊಳ್ಳಬಹುದು. ಸೀಟುಗಳ ಸಂಖ್ಯೆ ನಿಗದಿ. ಒಂದು ಸೀಟಿಗೆ ಒಬ್ಬರೇ. ಎಲ್ಲ ಸೀಟೂ ಒಂದೇ ತರಹ, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದರಿಂದ ಯಾರಿಗೂ ತೊಂದರೆಯಿಲ್ಲ. ಬಸ್ಸು ಖಾಲಿಯಿದ್ದಾಗ ಹತ್ತಿದವರೆಲ್ಲ ಕೂರುತ್ತಾರೆ. ತುಂಬುತ್ತ ಬಂದಂತೆ ಹತ್ತಿದವರಲ್ಲಿ ಕೂತವರ ಪ್ರಮಾಣ ಇಳಿಯುತ್ತದೆ. ಕೊನೆಗೆ ಎಷ್ಟೇ ಜನ ಹತ್ತಿದರೂ ಕೂತವರ ಸಂಖ್ಯೆ ಏರುವುದಿಲ್ಲ. ಸೂತ್ರ ಹೀಗಿದೆ:

S = Smax · k · C / (1 + k · C)

C ಎಂದರೆ ನೀರಿನಲ್ಲಿ ಉಳಿದ ರಂಜಕ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. S ಎಂದರೆ ಮಣ್ಣು ಹಿಡಿದದ್ದು, ಕಿಲೊ ಮಣ್ಣಿಗೆ ಮಿಲಿಗ್ರಾಂ ಲೆಕ್ಕದಲ್ಲಿ. Smax ಒಟ್ಟು ಸೀಟುಗಳು, ಅಂದರೆ ಗರಿಷ್ಠ ಹಿಡಿತ. k ಹಿಡಿತದ ಬಿಗಿ. ಅದು ಹೆಚ್ಚಿದ್ದಷ್ಟೂ ಗೆರೆ ಶುರುವಿನಲ್ಲೇ ಕಡಿದಾಗಿ ಏರುತ್ತದೆ.

ಪ್ರಯೋಗದ ಕ್ರಮ ಸರಳ. ಮಣ್ಣನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, 2 ಮಿಲಿಮೀಟರ್ ಜರಡಿ ಹಿಡಿಯಬೇಕು. ನೀರಿನ ಬದಲು 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಬಳಸುತ್ತಾರೆ. ಇದರಿಂದ ಎಲ್ಲ ಕೊಳವೆಗಳಲ್ಲೂ ಉಪ್ಪಿನ ಮಟ್ಟ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಜೇಡಿಯೂ ಬೇಗ ಕೆಳಗೆ ಕೂರುತ್ತದೆ. ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟನ್ನು ಲೀಟರಿಗೆ 0.439 ಗ್ರಾಂ ಕರಗಿಸಿದರೆ 100 ಮಿಲಿಗ್ರಾಂ ರಂಜಕದ ದ್ರಾವಣ ಸಿಗುತ್ತದೆ. ಬೇಕಾದ ಮಟ್ಟಗಳನ್ನೆಲ್ಲ ಅದರಿಂದಲೇ ಮಾಡಿಕೊಳ್ಳಬಹುದು. ಸೂಕ್ಷ್ಮಜೀವಿಗಳು ರಂಜಕ ತಿಂದು ಲೆಕ್ಕ ಕೆಡಿಸದಂತೆ ಒಂದೆರಡು ಹನಿ ಟಾಲ್ವೀನ್ ಅಥವಾ ಕ್ಲೋರೋಫಾರ್ಮ್ ಬಿಡುತ್ತಾರೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಅಲ್ಲಾಡಿಸಿ, 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿ, ಮಾಲಿಬ್ಡೇಟ್ ಹಾಕಿ ನೀಲಿ ಬಣ್ಣ ಬರಿಸಿ, 880 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತಾರೆ. ಸೋಸುವುದರಲ್ಲಿ ಅಸಡ್ಡೆ ತೋರಿದರೆ ರಂಜಕ ಹೊತ್ತ ಸಣ್ಣ ಜೇಡಿಕಣಗಳು ನೀರಿಗೆ ಬಂದು, ಮಣ್ಣು ಹಿಡಿದದ್ದೇ ಹಿಡಿಯದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಲೆಕ್ಕ. ಕೆಳಗಿನ ಅಂಕಿಗಳು ಯಾವುದೋ ಒಂದು ಊರಿನ ಮಣ್ಣಿನವಲ್ಲ; ಹಿಡಿತ ಹೆಚ್ಚಿರುವ ಮುರಕಲ್ಲು ಮಣ್ಣನ್ನು ಮನಸ್ಸಿನಲ್ಲಿಟ್ಟು, ಲೆಕ್ಕ ತೋರಿಸಲೆಂದು ನಾನೇ ಇಟ್ಟುಕೊಂಡವು. ಪ್ರತಿ ಕೊಳವೆಗೂ 1 ಗ್ರಾಂ ಮಣ್ಣು, 25 ಮಿಲಿಲೀಟರ್ ದ್ರಾವಣ. ಹಾಗಾಗಿ ಮಣ್ಣು ಹಿಡಿದದ್ದು = (ಹಾಕಿದ್ದು − ಉಳಿದದ್ದು) × 25.

| ಹಾಕಿದ್ದು (ಮಿ.ಗ್ರಾಂ/ಲೀ.) | ಉಳಿದದ್ದು, C | ಹಿಡಿದದ್ದು, S (ಮಿ.ಗ್ರಾಂ/ಕಿಲೊ) | C/S |
|---|---|---|---|
| 5 | 0.5 | 112.5 | 0.0044 |
| 10 | 1.6 | 210 | 0.0076 |
| 20 | 5.2 | 370 | 0.0141 |
| 30 | 12.9 | 427.5 | 0.0302 |
| 40 | 21.4 | 465 | 0.0460 |
| 60 | 41.2 | 470 | 0.0877 |

ಮೂರನೇ ಸಾಲಿನ ತನಕ S ದಾಪುಗಾಲಿಡುತ್ತದೆ, ಆಮೇಲೆ ಕಾಲೆಳೆಯುತ್ತದೆ. 40 ಹಾಕಿದಾಗಲೂ 60 ಹಾಕಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಸೀಟು ತುಂಬಿದೆ. ಇಂಥ ಬಾಗಿದ ಗೆರೆಯನ್ನು ಕಣ್ಣಂದಾಜಿನಲ್ಲಿ ಎಳೆಯುವುದು ಕಷ್ಟ, ಅದಕ್ಕೇ ಸೂತ್ರವನ್ನು ತಿರುಗಿಸಿ ನೇರಗೆರೆ ಮಾಡಿಕೊಳ್ಳುತ್ತಾರೆ:

C/S = 1/(k · Smax) + C/Smax

ಅಡ್ಡಕ್ಕೆ C, ಉದ್ದಕ್ಕೆ C/S ಇಟ್ಟರೆ ಚುಕ್ಕೆಗಳು ಒಂದು ನೇರ ಸಾಲಿಗೆ ಬರುತ್ತವೆ. ಸ್ಪ್ರೆಡ್‌ಶೀಟಿನ SLOPE ಮತ್ತು INTERCEPT ಸಾಕು. ನಮ್ಮ ಅಂಕಿಗಳಿಗೆ ಇಳಿಜಾರು 0.00203, ಗೆರೆ ಉದ್ದಕ್ಷವನ್ನು ಮುಟ್ಟುವ ಜಾಗ 0.00368. ಇಳಿಜಾರಿನಿಂದ 1ನ್ನು ಭಾಗಿಸಿದರೆ Smax ಕಿಲೊಗೆ 493 ಮಿಲಿಗ್ರಾಂ. ಇಳಿಜಾರನ್ನು ಆ ಎರಡನೇ ಅಂಕಿಯಿಂದ ಭಾಗಿಸಿದರೆ k 0.55. ಗೆರೆ ಚುಕ್ಕೆಗಳಿಗೆ ಎಷ್ಟು ಒಪ್ಪುತ್ತದೆ ಎಂದು ಹೇಳುವ r² 0.999. ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿ ಇಲ್ಲಿಗೆ ಪೆನ್ನು ಕೆಳಗಿಟ್ಟು ಟೀ ಕುಡಿಯಲು ಹೋಗುತ್ತಾನೆ. ನಾವು ಇನ್ನೂ ಸ್ವಲ್ಪ ಕೂರಬೇಕು.

493ನ್ನು ಜಮೀನಿಗೆ ಇಳಿಸಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕಿಲೊ ತೂಗುತ್ತದೆ. ಅದು ಪೂರ್ತಿ ತುಂಬಬೇಕಾದರೆ ಎಕರೆಗೆ 394 ಕಿಲೊ ರಂಜಕ ಬೇಕು. ಡಿಎಪಿ ಲೆಕ್ಕದಲ್ಲಿ 50 ಕಿಲೊದ ಸುಮಾರು 40 ಮೂಟೆ. ಈ ಅಂಕಿ ನೋಡಿ ಎದೆ ಒಡೆದುಕೊಳ್ಳುವುದು ಬೇಡ. ಬೆಳೆಗೆ ಮಣ್ಣು ತುಂಬಬೇಕಿಲ್ಲ, ಬೇರಿನ ಸುತ್ತಲಿನ ನೀರಿನಲ್ಲಿ ಸಾಕಷ್ಟು ರಂಜಕ ಇದ್ದರೆ ಸಾಕು. ಎಷ್ಟಿದ್ದರೆ ಸಾಕು ಎಂಬುದಕ್ಕೆ ಫಾಕ್ಸ್ ಮತ್ತು ಕ್ಯಾಂಪ್ರಾತ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ರೂಢಿಗೆ ಬಂದ ಅಳತೆಯೊಂದಿದೆ: ಲೀಟರಿಗೆ 0.2 ಮಿಲಿಗ್ರಾಂ. ಎಲ್ಲ ಬೆಳೆಗೂ ಇದೇ ಸರಿ ಎಂದಲ್ಲ, ಕೆಲವಕ್ಕೆ ಇದಕ್ಕಿಂತ ಕಡಿಮೆ ಸಾಕು, ಕೆಲವಕ್ಕೆ ಹೆಚ್ಚು ಬೇಕು. ಆದರೆ ಮಣ್ಣು ಮಣ್ಣನ್ನು ಹೋಲಿಸಲು ಒಂದು ಗೆರೆ ಬೇಕಲ್ಲ, ಅದಕ್ಕೆ ಇದು.

ಸೂತ್ರದಲ್ಲಿ C ಜಾಗಕ್ಕೆ 0.2 ಹಾಕಿದರೆ S ಕಿಲೊಗೆ 49 ಮಿಲಿಗ್ರಾಂ ಬರುತ್ತದೆ. ಎಕರೆಗೆ 39 ಕಿಲೊ ರಂಜಕ, ಅಂದರೆ ನಾಲ್ಕು ಮೂಟೆ ಡಿಎಪಿ. 40 ಮೂಟೆ ಎಲ್ಲಿ, 4 ಮೂಟೆ ಎಲ್ಲಿ! ಒಂದೇ ಗೆರೆಯ ಎರಡು ತುದಿಗಳಿವು. ಬೆಳೆಗೆ ಬೇಕಾದದ್ದು ಗೆರೆಯ ಬುಡ. Smax ಇರುವುದು ತಲೆಯಲ್ಲಿ.

ತೊಡಕು ಇರುವುದೂ ಇಲ್ಲೇ. ನೇರಗೆರೆಯ ಪ್ಲಾಟು ತಲೆಗೆ ಮಣೆ ಹಾಕುತ್ತದೆ, ಬುಡವನ್ನು ಕೇಳುವುದಿಲ್ಲ. ಕೋಷ್ಟಕದ ಕೊನೆಯ ಕಾಲಂ ನೋಡಿ: ಮೊದಲ ಸಾಲು 0.0044, ಕೊನೆಯದು 0.0877, ಇಪ್ಪತ್ತು ಪಟ್ಟು ವ್ಯತ್ಯಾಸ. ಗೆರೆ ಎತ್ತ ಹೋಗಬೇಕೆಂದು ತೀರ್ಮಾನಿಸುವುದು ಮೇಲಿನ ಒಂದೆರಡು ಚುಕ್ಕೆಗಳೇ. ಜೊತೆಗೆ C ಎಂಬುದು ಅಡ್ಡಕ್ಕೂ ಇದೆ, ಉದ್ದಕ್ಕೂ ಇದೆ. S ಹೆಚ್ಚು ಬದಲಾಗದೆ ಇದ್ದರೆ C/S ಎಂಬುದು C ಹಿಂದೆಯೇ ಓಡುತ್ತದೆ, r² ತಾನಾಗಿಯೇ ಏರುತ್ತದೆ. ಆ 0.999ರಲ್ಲಿ ದೊಡ್ಡ ಪಾಲು ಲೆಕ್ಕದ ಜೋಡಣೆಯಿಂದ ಬಂದದ್ದೇ ಹೊರತು ಮಣ್ಣಿನಿಂದ ಬಂದದ್ದಲ್ಲ. ಎರಡನೇ ಕೊಳವೆಯಲ್ಲಿ ಅಳೆದ S 210. ಗೆರೆ ಹೇಳುವುದು 231. ಶೇಕಡ 10ರಷ್ಟು ತಪ್ಪಿದ್ದರೂ r² ಕಣ್ಣು ಮಿಟುಕಿಸಲಿಲ್ಲ.

ಇದಕ್ಕೆ ಒಂದು ಪರಿಹಾರ, ಸೂತ್ರವನ್ನು ತಿರುಗಿಸದೆ ಬಾಗಿದ ಗೆರೆಯನ್ನೇ S ಅಂಕಿಗಳಿಗೆ ನೇರವಾಗಿ ಹೊಂದಿಸುವುದು. ಸ್ಪ್ರೆಡ್‌ಶೀಟಿನ Solver ಇದನ್ನು ಮಾಡುತ್ತದೆ: Smax ಮತ್ತು k ಎರಡನ್ನೂ ಅಂದಾಜಿನಿಂದ ಶುರುಮಾಡಿ, ಅಳೆದ S ಮತ್ತು ಸೂತ್ರದ S ನಡುವಿನ ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವ ತನಕ ಬದಲಿಸುತ್ತ ಹೋಗುತ್ತದೆ. ನಮ್ಮ ಅಂಕಿಗಳಿಗೆ ಹೀಗೆ ಮಾಡಿದಾಗ Smax 499, k 0.51. ತಲೆ ಶೇಕಡ ಒಂದರಷ್ಟು ಮಾತ್ರ ಅಲುಗಿತು, ಬಿಗಿ ಶೇಕಡ ಎಂಟರಷ್ಟು ಇಳಿಯಿತು. 0.2ರಲ್ಲಿ S 49ರಿಂದ 46ಕ್ಕೆ ಬಂತು. ಇಷ್ಟು ವ್ಯತ್ಯಾಸವನ್ನು ಯಾವ ರೈತನೂ ಲೆಕ್ಕಕ್ಕಿಡುವುದಿಲ್ಲ. ಹಾಗಾದರೆ 46ರಿಂದ 49 ಎಂದು ನಂಬಬಹುದೆ?

ನಂಬಬಾರದು. ಕೋಷ್ಟಕದಲ್ಲಿ C ಎಲ್ಲಿಂದ ಶುರುವಾಗಿದೆ ನೋಡಿ. 0.5ರಿಂದ. ನಮಗೆ ಬೇಕಾದ 0.2 ಅದಕ್ಕಿಂತ ಕೆಳಗಿದೆ. ಅಲ್ಲಿ ನಾವು ಏನನ್ನೂ ಅಳೆದೇ ಇಲ್ಲ; ಸೂತ್ರ ಹೇಳಿದ್ದನ್ನು ಒಪ್ಪಿಕೊಂಡಿದ್ದೇವೆ. ಆ ಸೂತ್ರವೋ, ಎಲ್ಲ ಸೀಟೂ ಒಂದೇ ತರಹ ಎಂದು ನಂಬಿದ್ದು. ಮಣ್ಣು ಹಾಗಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಮೊದಲು ಹೋಗುವ ಹಾಗೆ, ಆಕ್ಸೈಡುಗಳ ಮೈಮೇಲೆ ಬಹಳ ಬಿಗಿಯಾಗಿ ಹಿಡಿಯುವ ಕೆಲವು ಜಾಗಗಳಿವೆ. ಫಾಸ್ಫೇಟ್ ಮೊದಲು ಅಲ್ಲಿ ಕೂರುತ್ತದೆ, ಆಮೇಲೆ ಸಡಿಲ ಜಾಗಗಳಿಗೆ ಹೋಗುತ್ತದೆ. ಹಾಗಾಗಿ ಒಂದೇ Smax, ಒಂದೇ k ಇರುವ ಗೆರೆ ಬುಡದಲ್ಲಿ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ.

ಎರಡು ಕೊಳವೆ ಹೆಚ್ಚು ಇಟ್ಟರೆ ಗೊತ್ತಾಗುತ್ತದೆ. ಒಂದಕ್ಕೆ ಲೀಟರಿಗೆ 2 ಮಿಲಿಗ್ರಾಂ, ಇನ್ನೊಂದಕ್ಕೆ 3. ನಮ್ಮ ಉದಾಹರಣೆಯಲ್ಲಿ ಅವುಗಳಲ್ಲಿ ಉಳಿದದ್ದು 0.1 ಮತ್ತು 0.2 ಎನ್ನೋಣ. ಹಿಡಿದದ್ದು 47.5 ಮತ್ತು 70. ಅಂದರೆ 0.2ರಲ್ಲಿ ಮಣ್ಣಿನ ನಿಜವಾದ ಹಿಡಿತ 70. ಸೂತ್ರ ಹೇಳಿದ್ದು 46 ಅಥವಾ 49. ಎಕರೆಗೆ ನಾಲ್ಕು ಮೂಟೆ ಇದ್ದದ್ದು ಐದೂವರೆ ಮೂಟೆಯಾಯಿತು. ಈ ಎರಡು ಚುಕ್ಕೆಗಳನ್ನು ನೇರಗೆರೆಯ ಪ್ಲಾಟಿಗೆ ಸೇರಿಸಿದರೆ ಅವು ಮೂಲೆಯಲ್ಲಿ ಮುದುಡಿ ಕೂರುತ್ತವೆ, r² 0.99ಕ್ಕಿಂತ ಮೇಲೆಯೇ ಇರುತ್ತದೆ, ಏನೋ ತಪ್ಪಿದೆ ಎಂಬ ಸುಳಿವೇ ಸಿಗುವುದಿಲ್ಲ. ಅಳೆದ S ಮತ್ತು ಗೆರೆಯ S ನಡುವಿನ ವ್ಯತ್ಯಾಸವನ್ನು ಸಾಲುಸಾಲಾಗಿ ಬರೆದಿಟ್ಟರೆ ಮಾತ್ರ ಕಾಣುತ್ತದೆ. ಎರಡು ಬಗೆಯ ಜಾಗಗಳಿಗೆ ಎರಡು Smax, ಎರಡು k ಇಟ್ಟು ಹೊಂದಿಸುವ ರೂಢಿಯೂ ಇದೆ. ಆದರೆ ಎಂಟು ಚುಕ್ಕೆಗೆ ನಾಲ್ಕು ಅಜ್ಞಾತಗಳನ್ನು ಹೊಂದಿಸಿದರೆ ಯಾವ ಗೆರೆಯೂ ಸರಿಹೊಂದುತ್ತದೆ. 0.2ರ ಉತ್ತರ ಬೇಕಿದ್ದರೆ 0.2ರ ಆಸುಪಾಸಿನಲ್ಲೇ ಕೊಳವೆ ಇಟ್ಟು ಓದಿಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ.

ತಲೆಯ ಕಡೆಗೂ ಅದರದೇ ತಾಪತ್ರಯವಿದೆ. ಕೊನೆಯ ಕೊಳವೆಯಲ್ಲಿ 60ರಿಂದ 41.2 ಕಳೆದೆವು. ದೊಡ್ಡ ಅಂಕಿಯಿಂದ ದೊಡ್ಡ ಅಂಕಿ ಕಳೆದಾಗ ಚಿಕ್ಕ ತಪ್ಪೂ ಹಿಗ್ಗುತ್ತದೆ. 41.2ನ್ನು ಅಳೆಯುವಾಗ ಶೇಕಡ 2 ತಪ್ಪಿದರೂ S ನಲ್ಲಿ 20 ಮಿಲಿಗ್ರಾಂ ಆಚೀಚೆಯಾಗುತ್ತದೆ. ಇದಕ್ಕೆ ಹೆದರಿ ಇನ್ನೂ ಗಟ್ಟಿ ದ್ರಾವಣ ಹಾಕಿದರೆ ಬೇರೆ ಪಜೀತಿ: ಲೀಟರಿಗೆ ನೂರಾರು ಮಿಲಿಗ್ರಾಂ ಮಟ್ಟದಲ್ಲಿ ಫಾಸ್ಫೇಟ್ ಮೈಗೆ ಅಂಟುವುದರ ಜೊತೆಗೆ ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂಗಳ ಜೊತೆ ಸೇರಿ ಗಸಿಯಾಗಿ ಕೂರತೊಡಗುತ್ತದೆ. ನೀರಿನಿಂದ ಅದೂ ಕಾಣೆಯಾಗುವುದರಿಂದ ಲೆಕ್ಕದಲ್ಲಿ ‘ಹಿಡಿದದ್ದು’ ಎಂದೇ ಬರುತ್ತದೆ, Smax ಸುಮ್ಮನೆ ಉಬ್ಬುತ್ತದೆ. ಪತ್ತೆಹಚ್ಚುವುದು ಸುಲಭ. ಮೇಲಿನ ಚುಕ್ಕೆಗಳನ್ನು ತೆಗೆದು ಮತ್ತೆ ಹೊಂದಿಸಿ ನೋಡಬೇಕು. ನಮ್ಮ ಕೋಷ್ಟಕದ ಮೊದಲ ಮೂರು ಸಾಲುಗಳನ್ನಷ್ಟೇ ಇಟ್ಟು ಗೆರೆ ಎಳೆದರೂ Smax 505 ಬರುತ್ತದೆ, 493ರ ಪಕ್ಕದಲ್ಲೇ. ಹಾಗಾಗಿ ಇಲ್ಲಿನ ತಲೆ ಭದ್ರವಾಗಿದೆ. ಎಲ್ಲಿ ಚುಕ್ಕೆ ಬಿಟ್ಟ ಹಾಗೆಲ್ಲ Smax ಕುಸಿಯುತ್ತದೋ ಅಲ್ಲಿ ಆ ಅಂಕಿ ಮಣ್ಣಿನ ಗುಣವಲ್ಲ, ನಾವು ಆರಿಸಿಕೊಂಡ ದ್ರಾವಣದ ಗುಣ.

ಗುಡ್ಡದ ಮಣ್ಣು ಬಿಟ್ಟು ಕೆಳಗಿನ ಅಡಿಕೆ ತೋಟಕ್ಕೆ ಬಂದರೆ ಇನ್ನೊಂದು ವಿಷಯ ನೆನಪಿಡಬೇಕು. ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರ ಬಿದ್ದ ಮಣ್ಣಿನಲ್ಲಿ ಒಂದಿಷ್ಟು ಸೀಟುಗಳು ಮೊದಲೇ ತುಂಬಿರುತ್ತವೆ. ರಂಜಕವನ್ನೇ ಹಾಕದ ಸೊನ್ನೆ ಕೊಳವೆಯಲ್ಲಿ ಮಣ್ಣು ತಾನೇ ರಂಜಕ ಬಿಟ್ಟುಕೊಡುತ್ತದೆ. ಆಗ ‘ಹಿಡಿದದ್ದು’ ಋಣ ಸಂಖ್ಯೆಯಾಗುತ್ತದೆ. ಮೊದಲಿನಿಂದಲೇ ಕೂತಿದ್ದ ಈ ರಂಜಕವನ್ನು, ಬುಡದ ಚುಕ್ಕೆಗಳನ್ನು ಹಿಂದಕ್ಕೆ ಚಾಚಿ, C ಸೊನ್ನೆಯಾಗುವಲ್ಲಿ ಗೆರೆ ಎಷ್ಟು ಕೆಳಗಿದೆ ಎಂದು ನೋಡಿ ಅಂದಾಜಿಸಿ, ಪ್ರತಿ S ಗೂ ಕೂಡಿಸಿದ ಮೇಲೆಯೇ ಸೂತ್ರಕ್ಕೆ ಕೈಹಾಕಬೇಕು. ಇದನ್ನು ಮರೆತದ್ದರ ಗುರುತು ನೇರಗೆರೆಯ ಪ್ಲಾಟಿನಲ್ಲೇ ಕಾಣುತ್ತದೆ: ಎಡಮೂಲೆಯ ಚುಕ್ಕೆಗಳು ಗೆರೆ ಬಿಟ್ಟು ಮೇಲಕ್ಕೆ ಹಾರಿರುತ್ತವೆ, ಇಲ್ಲವೇ ಸೊನ್ನೆಯ ಕೆಳಗೆ ಬಿದ್ದಿರುತ್ತವೆ. ಮಣ್ಣು ರಂಜಕ ಹಿಡಿಯುವುದನ್ನು ಬಿಟ್ಟು ಕೊಡಲು ತೊಡಗುವ ಆ ಮಟ್ಟವೇ ಹಳ್ಳಕೊಳ್ಳಗಳ ನೀರಿನ ಬಗ್ಗೆ ಚಿಂತಿಸುವವರಿಗೆ ಮುಖ್ಯ. Smaxಗೆ ನಿಜವಾದ ಬೆಲೆ ಇರುವುದೂ ಅಂಥ ಕಡೆ: ಗೊಬ್ಬರ ಸುರಿಯುತ್ತಲೇ ಇರುವ ಜಾಗದಲ್ಲಿ ಮಣ್ಣು ಎಷ್ಟು ತುಂಬಿದೆ ಎಂದು ತಿಳಿಯಲು.

ಇನ್ನು ಕಾಲ. 24 ಗಂಟೆಗೆ ಹಿಡಿತ ಮುಗಿಯುವುದಿಲ್ಲ. ಮೈಗೆ ಅಂಟಿದ ಫಾಸ್ಫೇಟ್ ದಿನಗಳು, ತಿಂಗಳುಗಳ ತನಕ ಆಕ್ಸೈಡು ಕಣಗಳ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಫಾಕ್ಸ್ ಮತ್ತು ಕ್ಯಾಂಪ್ರಾತ್ ತಮ್ಮ ಕೊಳವೆಗಳನ್ನು ಆರು ದಿನ ಇಟ್ಟರು. ಒಂದು ದಿನದ Smaxನ್ನು ಆರು ದಿನದ Smax ಪಕ್ಕದಲ್ಲಿಟ್ಟು, ಒಂದು ಮಣ್ಣು ಇನ್ನೊಂದಕ್ಕಿಂತ ಹಸಿದಿದೆ ಎಂದು ಹೇಳುವಂತಿಲ್ಲ. ಮಣ್ಣಿಗೂ ದ್ರಾವಣಕ್ಕೂ ಇರುವ ಪ್ರಮಾಣ ಬೇರೆಯಾದರೂ ಇದೇ ಮಾತು.

ಐದೂವರೆ ಮೂಟೆಯ ಲೆಕ್ಕವನ್ನೂ ಅಂಗಡಿಗೆ ಒಯ್ಯುವ ಚೀಟಿ ಎಂದು ತಿಳಿಯಬಾರದು. ಅದು 15 ಸೆಂಟಿಮೀಟರ್ ಮಣ್ಣಿನ ಕಣಕಣಕ್ಕೂ ಗೊಬ್ಬರ ಬೆರೆತರೆ ಎಂಬ ಲೆಕ್ಕ. ಸಾಲಿನಲ್ಲಿ, ಬೀಜದ ಪಕ್ಕದಲ್ಲಿ, ಮರದ ಬುಡದ ಸುತ್ತ ಹಾಕಿದಾಗ ಗೊಬ್ಬರ ಮುಟ್ಟುವುದು ಮಣ್ಣಿನ ಸಣ್ಣ ಪಾಲನ್ನು. ಅಷ್ಟರ ಸೀಟು ತುಂಬಿದರೆ ಸಾಕಾಗುತ್ತದೆ. ಹಿಡಿತ ಹೆಚ್ಚಿರುವ ಕೆಂಪು ಮಣ್ಣಿಗೆ ಎರಚುವುದಕ್ಕಿಂತ ಸಾಲಿನಲ್ಲಿ ಹಾಕಿ ಎಂದು ಹೇಳುವುದರ ಹಿಂದೆ ಇರುವುದು ಈ ಗೆರೆಯ ಕಡಿದಾದ ಬುಡವೇ.

ನಿಮ್ಮ ಮಣ್ಣಿಗೆ ಯಾರಾದರೂ ಈ ಪರೀಕ್ಷೆ ಮಾಡಿಕೊಟ್ಟು Smax ಮತ್ತು r² ಎರಡನ್ನೇ ಬರೆದುಕೊಟ್ಟರೆ, ಕೊಳವೆಗಳ ಪೂರ್ತಿ ಕೋಷ್ಟಕವನ್ನೂ ಕೇಳಿ ಪಡೆಯಿರಿ. ಅದರಲ್ಲಿ ಸೊನ್ನೆಯ ಕೊಳವೆ ಇದೆಯೇ, ಎಷ್ಟು ಗಂಟೆ ಅಲ್ಲಾಡಿಸಿದ್ದಾರೆ, ಉಳಿದ ರಂಜಕ 0.2ಕ್ಕಿಂತ ಕಡಿಮೆಯಿರುವ ಒಂದು ಸಾಲಾದರೂ ಇದೆಯೇ ಎಂದು ನೋಡಿ. ಆ ಸಾಲು ಇಲ್ಲದಿದ್ದರೆ, ಬೆಳೆಗೆ ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಆ ವರದಿಯಲ್ಲಿ ಉತ್ತರವಿಲ್ಲ.